ಲೆನ್ಸಿನ ಲೆಕ್ಕ: ತಾಳೆ ಬಂದರೂ ಉತ್ತರ ತಪ್ಪಾಗುವುದು ಹೇಗೆ?

ಪ್ರಶ್ನೆ: ಮಗಳು ಕನ್ನಡ ಮಾಧ್ಯಮದಲ್ಲಿ ಹತ್ತನೇ ಕ್ಲಾಸು. ಪೀನ ಮಸೂರದ ಸಂಗಮದೂರ 20 ಸೆಂ.ಮೀ., ವಸ್ತು 15 ಸೆಂ.ಮೀ. ದೂರದಲ್ಲಿದೆ, ಪ್ರತಿಬಿಂಬ ಎಲ್ಲಿ ಎಂಬ ಲೆಕ್ಕಕ್ಕೆ ಅವಳಿಗೆ 8.57 ಬಂತು. ಅದನ್ನೇ ಸೂತ್ರಕ್ಕೆ ಹಾಕಿ ನೋಡಿದರೆ ತಾಳೆಯಾಗುತ್ತದೆ. ಪುಸ್ತಕದ ಕೊನೆಯಲ್ಲಿ ಮಾತ್ರ −60 ಎಂದಿದೆ. ಪರೀಕ್ಷೆಯಲ್ಲಿ ಉತ್ತರದ ಪುಟ ಇರುವುದಿಲ್ಲವಲ್ಲ, ಅಲ್ಲಿ ತಪ್ಪು ಗೊತ್ತಾಗುವುದು ಹೇಗೆ?
— ಓದುಗರು, ಬದಿಯಡ್ಕ

ಉತ್ತರ: ತಾಳೆಯಾಯಿತು ಎಂದಿರಲ್ಲ, ತಪ್ಪು ಯಾವ ಜಾತಿಯದು ಎಂಬುದನ್ನು ಅದೇ ಹೇಳುತ್ತದೆ. ಕೂಡಿಸುವುದರಲ್ಲಿ ಎಡವಿದ್ದರೆ ತಾಳೆಯಾಗುತ್ತಿರಲಿಲ್ಲ. ಆದ್ದರಿಂದ ಅವಳು ಎಡವಿದ್ದು ಚಿಹ್ನೆಯಲ್ಲಿ.

ಮಸೂರದ ಸೂತ್ರ 1/v − 1/u = 1/f. ದೂರಗಳನ್ನು ಅಳೆಯುವುದು ಮಸೂರದ ಮಧ್ಯದಿಂದ. ಬೆಳಕು ಸಾಗುವ ದಿಕ್ಕಿಗೆ ಅಳೆದರೆ ಪ್ಲಸ್, ಎದುರು ದಿಕ್ಕಿಗೆ ಅಳೆದರೆ ಮೈನಸ್. ವಸ್ತು ಎಡಗಡೆಯಿದ್ದು ಬೆಳಕು ಬಲಕ್ಕೆ ಹೋಗುತ್ತಿದ್ದರೆ u = −15, f = +20. ಆಗ 1/v = 1/20 − 1/15 = −1/60, ಅಂದರೆ v = −60. ನಿಮ್ಮ ಮಗಳು u = 15 ಎಂದೇ ಬರೆದುಕೊಂಡಿರಬಹುದು. ಹಾಗಾಗಿ 1/20 + 1/15 = 7/60 ಆಗಿ v = 8.57 ಬಂತು. ಹಾಗಿದ್ದರೆ ತಾಳೆ ನೋಡುವಾಗಲೂ ಅದೇ ಮೈನಸ್ ಇಲ್ಲದ 15 ಅನ್ನು ಹಾಕಿರುತ್ತಾಳೆ: 1/8.57 − 1/15 ಎಂದರೆ 1/20 ಬಂದೇ ಬರುತ್ತದೆ. ಈ ತಾಳೆ ಗಣಿತವನ್ನು ಮಾತ್ರ ಪರೀಕ್ಷಿಸುತ್ತದೆ. ಒಳಗೆ ಹಾಕಿದ್ದೇ ತಪ್ಪಾಗಿದ್ದರೆ ಅದು ಹೊರಗೆ ತೋರುವುದಿಲ್ಲ. ಇನ್ನೊಂದು ವಿಷಯ: u = −15 ಎಂದು ಸರಿಯಾಗಿಯೇ ಬರೆದು, ದರ್ಪಣದ ಸೂತ್ರವಾದ 1/v + 1/u = 1/f ಹಾಕಿದರೂ ಅದೇ 8.57 ಬರುತ್ತದೆ. ಅವಳು ಎರಡರಲ್ಲಿ ಯಾವ ದಾರಿಯಿಂದ ಅಲ್ಲಿಗೆ ಹೋದಳು ಎಂದು ನೋಟ್‌ಬುಕ್ಕಿನಲ್ಲೊಮ್ಮೆ ನೋಡಿ. ತಿದ್ದಬೇಕಾದ ಅಭ್ಯಾಸ ಯಾವುದೆಂದು ಆಗ ತಿಳಿಯುತ್ತದೆ.

ಚಿಹ್ನೆಯ ತಪ್ಪನ್ನು ಹಿಡಿಯಬೇಕಾದರೆ ಸೂತ್ರದ ಹೊರಗಿನ ಸಾಕ್ಷಿ ಬೇಕು. ಪ್ರತಿಬಿಂಬ ಹೇಗಿರಬೇಕು ಎಂಬುದನ್ನು ಲೆಕ್ಕಕ್ಕೆ ಕೈ ಹಾಕುವ ಮೊದಲೇ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಟ್ಟರೆ ಆ ಸಾಕ್ಷಿ ಸಿಗುತ್ತದೆ. ಕೇಳಬೇಕಾದ್ದು ಒಂದೇ, ವಸ್ತು ಸಂಗಮದ ಒಳಗಿದೆಯೋ ಹೊರಗಿದೆಯೋ ಎಂದು. ಇಲ್ಲಿ 15 ಎಂಬುದು 20ಕ್ಕಿಂತ ಕಡಿಮೆ, ಆದ್ದರಿಂದ ಒಳಗೆ. ಪೀನ ಮಸೂರದಲ್ಲಿ ಸಂಗಮದ ಒಳಗಿಟ್ಟ ವಸ್ತುವಿನ ಪ್ರತಿಬಿಂಬ ಮಿಥ್ಯ, ನೇರ, ವಸ್ತುವಿಗಿಂತ ದೊಡ್ಡದು. ಅದು ವಸ್ತುವಿರುವ ಬದಿಯಲ್ಲೇ, ವಸ್ತುವಿಗಿಂತ ದೂರದಲ್ಲಿ ಇರುತ್ತದೆ. ಲೆಕ್ಕ ಮಾಡದೆಯೇ ಇಷ್ಟು ಹೇಳಬಹುದು: v ಮೈನಸ್ ಆಗಿರಬೇಕು, ಅದರ ಬೆಲೆ 15ಕ್ಕಿಂತ ಹೆಚ್ಚಿರಬೇಕು. 8.57 ಈ ಎರಡರಲ್ಲೂ ಸೋಲುತ್ತದೆ.

ಬಾಯಿಪಾಠದ ಕೋಷ್ಟಕ ಪರೀಕ್ಷೆಯ ಗಡಿಬಿಡಿಯಲ್ಲಿ ಮರೆತುಹೋಗಬಹುದು. ಆದ್ದರಿಂದ ಅದರ ಕಾರಣವನ್ನೂ ತಿಳಿದಿರುವುದು ಒಳ್ಳೆಯದು. ತುಂಬಾ ದೂರದ ವಸ್ತುವಿನಿಂದ ಕಿರಣಗಳು ಸಮಾಂತರವಾಗಿ ಬರುತ್ತವೆ, ಮಸೂರ ಅವನ್ನು 20 ಸೆಂ.ಮೀ. ದೂರದಲ್ಲಿ ಕೂಡಿಸುತ್ತದೆ. ವಸ್ತು ಹತ್ತಿರ ಬಂದಷ್ಟೂ ಕಿರಣಗಳು ಹೆಚ್ಚು ಹರಡಿಕೊಂಡೇ ಮಸೂರವನ್ನು ತಲುಪುತ್ತವೆ. ಹರಡಿದ ಕಿರಣಗಳು ಸಮಾಂತರ ಕಿರಣಗಳಿಗಿಂತ ಬೇಗ ಕೂಡುವುದಕ್ಕೆ ಸಾಧ್ಯವಿಲ್ಲ, ತಡವಾಗಿಯೇ ಕೂಡಬೇಕು. ಹಾಗಾಗಿ ಎದುರಿಗಿಟ್ಟ ವಸ್ತುವಿನ ಸತ್ಯ ಪ್ರತಿಬಿಂಬ 20 ಸೆಂ.ಮೀ.ಗಿಂತ ಹತ್ತಿರ ಎಂದೂ ಮೂಡದು. ವಸ್ತು ಸರಿಯಾಗಿ 20ಕ್ಕೆ ಬಂದಾಗ ಕಿರಣಗಳು ಸಮಾಂತರವಾಗಿ ಹೊರಡುತ್ತವೆ, ಇನ್ನೂ ಒಳಗೆ ಬಂದರೆ ಕೂಡುವುದೇ ಇಲ್ಲ.

ಸಣ್ಣ ಅಕ್ಷರ ಓದುವ ಭೂತಗನ್ನಡಿ ಮನೆಯಲ್ಲಿದ್ದರೆ ಇದನ್ನು ಕಣ್ಣಾರೆ ನೋಡಬಹುದು. ಕೋಣೆಯ ಒಳಗೆ ನಿಂತು, ಕಿಟಕಿಯಾಚೆಯ ತೆಂಗಿನಮರದ ಕಡೆ ಭೂತಗನ್ನಡಿ ಹಿಡಿದು, ಹಿಂದೆ ಒಂದು ಬಿಳಿ ಕಾಗದವನ್ನು ಮುಂದೆ ಹಿಂದೆ ಸರಿಸಿ. ಮರ ತಲೆಕೆಳಗಾಗಿ ಸ್ಪಷ್ಟವಾಗಿ ಮೂಡಿದ ಜಾಗಕ್ಕೆ ಮಸೂರದಿಂದ ಇರುವ ದೂರವೇ ಹೆಚ್ಚುಕಡಿಮೆ ಸಂಗಮದೂರ. ಸೂರ್ಯನ ಕಡೆಗೆ ಮಾತ್ರ ಹಿಡಿಯಬಾರದು. ಆಮೇಲೆ ಬಾಗಿಲು ಹಾಕಿ, ಉರಿಯುವ ಮೇಣದಬತ್ತಿಯನ್ನು ಆ ದೂರದ ಮುಕ್ಕಾಲು ಪಾಲಿನಲ್ಲಿಟ್ಟು ಕಾಗದವನ್ನು ಎಲ್ಲಿಗೆ ಬೇಕಾದರೂ ಸರಿಸಿ ನೋಡಿ. ಮಬ್ಬು ಬೆಳಕು ಬೀಳುತ್ತದೆ, ಜ್ವಾಲೆಯ ಆಕಾರ ಎಲ್ಲೂ ಮೂಡುವುದಿಲ್ಲ. ನಿಮ್ಮ ಲೆಕ್ಕದ 15 ಮತ್ತು 20 ಇದೇ ಅನುಪಾತದಲ್ಲಿವೆ.

ಪ್ರತಿಬಿಂಬದ ಬಗೆ ತೋಚದಿದ್ದರೂ ಉತ್ತರವನ್ನು ಪರೀಕ್ಷಿಸುವ ಇನ್ನೊಂದು ದಾರಿಯಿದೆ. ವರ್ಧನೆ m = v/u ಕಂಡುಹಿಡಿದು, ಅದು v ಜೊತೆ ಹೊಂದುತ್ತದೆಯೇ ಎಂದು ನೋಡುವುದು. ಮಸೂರದಲ್ಲಿ v ಪ್ಲಸ್ ಎಂದರೆ ಸತ್ಯ ಪ್ರತಿಬಿಂಬ, m ಪ್ಲಸ್ ಎಂದರೆ ನೇರ ಪ್ರತಿಬಿಂಬ. ಅವಳು u = 15 ಎಂದು ಹಾಕಿದ್ದರೆ m = 8.57/15 = +0.57. ಅಂದರೆ ಪ್ರತಿಬಿಂಬ ಸತ್ಯವೂ ಹೌದು, ನೇರವೂ ಹೌದು ಎಂದಾಯಿತು. ಒಂದೇ ಮಸೂರದ ಮುಂದೆ ವಸ್ತುವಿಟ್ಟಾಗ ಹೀಗಾಗುವುದೇ ಇಲ್ಲ, ಸತ್ಯ ಪ್ರತಿಬಿಂಬ ಯಾವಾಗಲೂ ತಲೆಕೆಳಗು. ಸರಿಯಾದ ಉತ್ತರದಲ್ಲಿ m = (−60)/(−15) = +4. ಮಿಥ್ಯ, ನೇರ, ನಾಲ್ಕು ಪಟ್ಟು ದೊಡ್ಡದು, ಮೂರೂ ಒಂದಕ್ಕೊಂದು ಹೊಂದುತ್ತವೆ. ಅಡಿಕೆ ಸೋಗೆಯ ಮೇಲಿನ 3 ಮಿ.ಮೀ. ಚುಕ್ಕೆಯೊಂದು ಆ ಜಾಗದಲ್ಲಿದ್ದರೆ ಅದರ ಪ್ರತಿಬಿಂಬ 12 ಮಿ.ಮೀ.

8.57 ಎಂಬುದು ಅರ್ಥವಿಲ್ಲದ ಸಂಖ್ಯೆಯೇನೂ ಅಲ್ಲ. ಅದು ಬೇರೆ ಪ್ರಶ್ನೆಯ ಸರಿಯಾದ ಉತ್ತರ. u = +15 ಎಂದು ಬರೆದರೆ ವಸ್ತು ಮಸೂರದ ಬಲಗಡೆ, ಬೆಳಕು ಹೋಗುವ ಕಡೆಗೇ ಇದೆ ಎಂದರ್ಥ. ಅಂದರೆ ಬೇರೊಂದು ಮಸೂರ ಕಿರಣಗಳನ್ನು ಮೊದಲೇ ಕೂಡಿಸಲು ಹೊರಟಿದೆ, ಅವು 15 ಸೆಂ.ಮೀ. ಮುಂದೆ ಕೂಡಬೇಕಿತ್ತು, ನಡುವೆ ಈ ಮಸೂರ ಬಂದು ಇನ್ನೂ ಬೇಗ, 8.57ರಲ್ಲೇ ಕೂಡಿಸಿತು. ಪ್ಲಸ್ ಟು ತಲುಪಿದಾಗ, ಎರಡು ಮಸೂರಗಳ ಲೆಕ್ಕದಲ್ಲಿ ಇದು ನಿಜವಾಗಿಯೇ ಬರುತ್ತದೆ. ಹಾಗಾಗಿ 'ಸತ್ಯ ಪ್ರತಿಬಿಂಬ ಸಂಗಮದ ಒಳಗೆ ಮೂಡದು' ಎಂಬ ಮಾತನ್ನು ಮಸೂರದ ಎದುರಿಗೆ ಇಟ್ಟ ನಿಜವಾದ ವಸ್ತುವಿಗೆ ಮಾತ್ರ ಹಚ್ಚಬೇಕು. ಹತ್ತನೇ ತರಗತಿಯಲ್ಲಿ ಬರುವುದು ಅಂಥ ವಸ್ತುಗಳೇ.

v ಮೈನಸ್ ಬಂದ ಮಾತ್ರಕ್ಕೆ ನೆಮ್ಮದಿಯಿಂದ ಮುಂದೆ ಹೋಗುವ ಮಕ್ಕಳನ್ನು ಹಿಡಿಯುವ ಲೆಕ್ಕವೂ ಒಂದಿದೆ. ನಿಮ್ನ ಮಸೂರ, ಸಂಗಮದೂರ 20, ವಸ್ತು 15ರಲ್ಲಿ. ನಿಮ್ನ ಮಸೂರದ f ಮೈನಸ್ ಎಂಬುದನ್ನು ಮರೆತು +20 ಹಾಕಿದರೆ ಮತ್ತೆ −60 ಬರುತ್ತದೆ. ಮೈನಸ್ ಇದೆ, ಮಿಥ್ಯ ಎನ್ನುತ್ತದೆ, m ಕೂಡ ಪ್ಲಸ್, ನೇರ ಎನ್ನುತ್ತದೆ. ನಿಮ್ನ ಮಸೂರದ ಪ್ರತಿಬಿಂಬ ಮಿಥ್ಯ ಮತ್ತು ನೇರವೇ ಆದ್ದರಿಂದ ಎಲ್ಲ ಸರಿ ಎನಿಸುತ್ತದೆ. ಇಲ್ಲಿ ಸಿಕ್ಕಿಬೀಳುವುದು ಗಾತ್ರದಲ್ಲಿ: m = 4. ನಿಮ್ನ ಮಸೂರ ಎದುರಿಗಿಟ್ಟ ವಸ್ತುವನ್ನು ಎಂದೂ ದೊಡ್ಡದು ಮಾಡುವುದಿಲ್ಲ, ಅದರ ಪ್ರತಿಬಿಂಬ ಯಾವಾಗಲೂ ಸಂಗಮಕ್ಕೂ ಮಸೂರಕ್ಕೂ ನಡುವೆಯೇ ಇರುತ್ತದೆ. ಸರಿಯಾಗಿ f = −20 ಹಾಕಿದರೆ v = −8.57, m = +0.57. ಆದ್ದರಿಂದ ಚಿಹ್ನೆಯ ಜೊತೆಗೆ ದೊಡ್ಡದೋ ಚಿಕ್ಕದೋ ಎಂಬುದನ್ನೂ ನೋಡದೆ ಬಿಡಬಾರದು.

ದರ್ಪಣದ ಪಾಠವೂ ತಲೆಯಲ್ಲಿ ಇರುವಾಗ ಗೊಂದಲ ಹೆಚ್ಚುತ್ತದೆ. ದರ್ಪಣದಲ್ಲಿ ಬೆಳಕು ಹಿಂದಿರುಗುತ್ತದೆ, ಆದ್ದರಿಂದ ಸತ್ಯ ಪ್ರತಿಬಿಂಬ ವಸ್ತುವಿನ ಬದಿಯಲ್ಲೇ ಮೂಡಿ v ಮೈನಸ್ ಆಗುತ್ತದೆ. ಮಸೂರದಲ್ಲಿ ಬೆಳಕು ದಾಟಿಹೋಗುವುದರಿಂದ ಸತ್ಯ ಪ್ರತಿಬಿಂಬದ v ಪ್ಲಸ್. ನಿಮ್ನ ದರ್ಪಣಕ್ಕೆ f = −20, u = −15 ಹಾಕಿದರೆ v = +60, ಅದೂ ಮಿಥ್ಯ, ಅದೂ ನಾಲ್ಕು ಪಟ್ಟು. 'ಮೈನಸ್ ಎಂದರೆ ಮಿಥ್ಯ' ಎಂದು ಕಲಿತ ಮಗು ಇಲ್ಲಿ ಎಡವುತ್ತದೆ. ಬೆಳಕು ನಿಜವಾಗಿ ಹೋಗುವ ಕಡೆಗೆ ಪ್ರತಿಬಿಂಬ ಇದ್ದರೆ ಸತ್ಯ ಎಂದು ಕಲಿಸಿ, ಅದು ಎರಡಕ್ಕೂ ನಿಲ್ಲುತ್ತದೆ. ನೀವು ಕಲಿತ ಕಾಲದ ಕೆಲವು ಪುಸ್ತಕಗಳಲ್ಲಿ ಸತ್ಯಕ್ಕೆಲ್ಲ ಪ್ಲಸ್, ಮಿಥ್ಯಕ್ಕೆಲ್ಲ ಮೈನಸ್ ಎಂಬ ಬೇರೆಯೇ ಪದ್ಧತಿಯಿತ್ತು, ಮಸೂರದ ಸೂತ್ರವೂ 1/v + 1/u = 1/f ಎಂದಿತ್ತು. ಅದೂ ಸರಿಯೇ, ಅದರಲ್ಲೂ ಇಲ್ಲಿ −60 ಬರುತ್ತದೆ. ಆದರೆ ಅದರ ಸೂತ್ರಕ್ಕೆ ಇದರ ಚಿಹ್ನೆ ಹಾಕಿದರೆ 8.57 ಆಗುತ್ತದೆ. ಮನೆಯಲ್ಲಿ ಹೇಳಿಕೊಡುವಾಗ ಅವಳ ಪಠ್ಯಪುಸ್ತಕದ ಪದ್ಧತಿಯನ್ನೇ ಹಿಡಿಯಿರಿ.

ಪ್ರತಿಬಿಂಬದ ಬಗೆಯನ್ನು ನೋಡುವುದಕ್ಕೂ ಮಿತಿಯಿದೆ. ಪೀನ ಮಸೂರ, f = 20, ವಸ್ತು 30ರಲ್ಲಿ ಇದ್ದರೆ ಪ್ರತಿಬಿಂಬ 40ರಿಂದಾಚೆ, ತಲೆಕೆಳಗಾಗಿ, ದೊಡ್ಡದಾಗಿ ಇರಬೇಕು. ಸರಿಯುತ್ತರ 60. ಕೂಡಿಸುವಾಗ ತಪ್ಪಿ 50 ಬಂದರೂ ಬಗೆ ಹೊಂದುತ್ತದೆ, ತಪ್ಪು ಅಡಗಿಯೇ ಉಳಿಯುತ್ತದೆ. ಇಲ್ಲಿ ನ್ಯೂಟನ್ನನ ಸಂಬಂಧ ನೆರವಿಗೆ ಬರುತ್ತದೆ. ವಸ್ತುವಿನ ದೂರವನ್ನು ಅದರ ಬದಿಯ ಸಂಗಮದಿಂದಲೂ, ಪ್ರತಿಬಿಂಬದ ದೂರವನ್ನು ಆಚೆ ಬದಿಯ ಸಂಗಮದಿಂದಲೂ ಅಳೆದು ಗುಣಿಸಿದರೆ f ವರ್ಗ ಬರಬೇಕು. 30 ಎಂದರೆ ಸಂಗಮದಿಂದ 10, 60 ಎಂದರೆ ಸಂಗಮದಿಂದ 40. ಹತ್ತು ನಲವತ್ತಲಿ ನಾನೂರು, 20ರ ವರ್ಗವೂ ನಾನೂರು. 50 ಆಗಿದ್ದರೆ ಮುನ್ನೂರು ಬರುತ್ತಿತ್ತು.

ನಿಮ್ಮ ಲೆಕ್ಕದಲ್ಲಿ ವಸ್ತು ಸಂಗಮದಿಂದ 5 ಸೆಂ.ಮೀ. ಒಳಗಿದೆ. ಪ್ರತಿಬಿಂಬ ಎಡಗಡೆ 60ರಲ್ಲಿ, ಬಲಗಡೆಯ ಸಂಗಮದಿಂದ ಅಳೆದರೆ 60 + 20 = 80. 5 × 80 = 400. ಅದೇ 8.57 ಆಗಿದ್ದರೆ ಆ ಸಂಗಮದಿಂದ ದೂರ 11.43, ಗುಣಿಸಿದರೆ ಸುಮಾರು 57. ಇಲ್ಲಿ ದೂರಗಳನ್ನು ಚಿತ್ರದಿಂದ ತೆಗೆಯುವುದರಿಂದ, ಸೂತ್ರಕ್ಕೆ ಹಾಕಿದ ತಪ್ಪು ಚಿಹ್ನೆ ಮತ್ತೆ ಒಳಗೆ ನುಸುಳುವುದಿಲ್ಲ. ಅದಕ್ಕಾಗಿಯೇ ಪೀನ ಮಸೂರದ ಲೆಕ್ಕಕ್ಕೆ ಈ ತಾಳೆ ಸೂತ್ರಕ್ಕೆ ಮರಳಿ ಹಾಕುವುದಕ್ಕಿಂತ ಮೇಲು. ಅವಳ ನೋಟ್‌ಬುಕ್ಕಿನ ಹಿಂದಿನ ನಾಲ್ಕೈದು ಲೆಕ್ಕಗಳಿಗೆ ಇದನ್ನೇ ಮಾಡಿಸಿ ನೋಡಿ. ಕೊನೆಗೆ ಉತ್ತರ ಬರೆಯುವಾಗ '−60' ಎಂದಷ್ಟೇ ಬಿಡದೆ 'ಪ್ರತಿಬಿಂಬ ಮಸೂರದಿಂದ 60 ಸೆಂ.ಮೀ. ದೂರದಲ್ಲಿ, ವಸ್ತುವಿರುವ ಬದಿಯಲ್ಲೇ. ಮಿಥ್ಯ, ನೇರ, ನಾಲ್ಕು ಪಟ್ಟು ದೊಡ್ಡದು' ಎಂದು ಬರೆಯಲಿ. ಈ ಸಾಲು ಅಂಚಿನಲ್ಲಿ ಮೊದಲೇ ಬರೆದಿಟ್ಟದ್ದಕ್ಕೆ ಹೊಂದದಿದ್ದರೆ, ಹಿಂದಿರುಗಿ ನೋಡಬೇಕಾದ ಮೊದಲ ಜಾಗ u ಮತ್ತು f ಹಾಕಿದ ಸಾಲು.