ಫೋಟೊದಲ್ಲಿ ಕಾಣದ ಮೈನಸ್

ಪ್ರಶ್ನೆ: ಹತ್ತನೇ ತರಗತಿ ಮಕ್ಕಳು ಗಣಿತ ಕಿರುಪರೀಕ್ಷೆಯ ಉತ್ತರಗಳನ್ನು ಫೋಟೊ ತೆಗೆದು ಕಳಿಸಿದ್ದಾರೆ, ನೂರಕ್ಕೂ ಜಾಸ್ತಿ ಇವೆ. ಎಲ್ಲರೂ ಮಾಡುವ ತಪ್ಪುಗಳನ್ನು ಒಂದು ಹಾಳೆಯಲ್ಲಿ ಬರೆದು ತರಗತಿಗೆ ಕೊಡಬೇಕು ಅಂತಿದ್ದೇನೆ. ಎಷ್ಟು ತಪ್ಪು ಹಾಕಬೇಕು? ಲೆಕ್ಕ ಎಕ್ಸೆಲ್‌ನಲ್ಲಿ ಇಡಲಾ, ಗೂಗಲ್ ಶೀಟ್‌ನಲ್ಲಾ?

2020ರಲ್ಲಿ ಶಾಲೆ ಮುಚ್ಚಿದ್ದಾಗ ನಾನೂ ಇದನ್ನೇ ಮಾಡಿದ್ದೆ. 41 ಮಕ್ಕಳು, ವರ್ಗ ಸಮೀಕರಣದ ಕಿರುಪರೀಕ್ಷೆ, ವಾಟ್ಸಾಪ್‌ನಲ್ಲಿ 118 ಫೋಟೊ. ಎರಡು ರಾತ್ರಿ ಕೂತು ಎಲ್ಲ ನೋಡಿದೆ. ಹಳೇ ನೋಟ್‌ಬುಕ್ಕಿನಲ್ಲಿ ಒಂದೊಂದು ತಪ್ಪಿಗೂ ಗೀಟು ಹಾಕುತ್ತಾ ಹೋದೆ. ಕೊನೆಗೆ ಎಣಿಸಿದರೆ "b ಬೆಲೆಗೆ ಮೈನಸ್ ಹಾಕಿಲ್ಲ" ಅನ್ನುವುದಕ್ಕೆ 17 ಗೀಟು. ಅದನ್ನೇ ಹಾಳೆಯ ಮೇಲೆ ದಪ್ಪಕ್ಷರದಲ್ಲಿ ಮೊದಲ ತಪ್ಪು ಅಂತ ಬರೆದೆ.

ಶಾಲೆಯ ಬದಲು ಊರಲ್ಲೇ ಮಕ್ಕಳನ್ನು ಕೂರಿಸಿ ಪಾಠ ಮಾಡುತ್ತಿದ್ದ ವಿದ್ಯಾಗಮದ ದಿನಗಳು ಅವು. ಅರಳಿಕಟ್ಟೆಯ ಹತ್ತಿರ ಮಕ್ಕಳನ್ನು ಕೂರಿಸಿ ಆ ಹಾಳೆ ಹಂಚಿ, ಚಿಹ್ನೆ ಬಿಡಬೇಡಿ ಅಂತ ಪೂರ್ತಿ ಎರಡು ದಿನ ಹೇಳಿದೆ. ಎರಡನೇ ದಿನ ಒಬ್ಬ ಹುಡುಗಿ ಎದ್ದು ಬಂದು "ಮೇಡಂ, ನಾನು ಮೈನಸ್ ಹಾಕಿದೀನಿ ನೋಡಿ" ಅಂತ ನೋಟ್‌ಬುಕ್ ಮುಂದೆ ಹಿಡಿದಳು. ನಿಜ. ಮೈನಸ್ ಇತ್ತು. ಹಾಳೆಯ ನೀಲಿ ಗೆರೆಯ ಮೇಲೇ ಕೂತಿತ್ತು, ತೆಳ್ಳಗೆ, ಪೆನ್ಸಿಲಿನಲ್ಲಿ. ನನ್ನ ಫೋನಿನಲ್ಲಿ ಅದೇ ಪುಟ ತೆಗೆದು ಪಕ್ಕದಲ್ಲಿ ಇಟ್ಟು ನೋಡಿದೆ. ಅಲ್ಲಿ ಇಲ್ಲ.

ಆಗಿದ್ದು ಇಷ್ಟು. ಪುಟ ಚೆನ್ನಾಗಿ ಕಾಣಲಿ ಅಂತ ಮಕ್ಕಳು ಸ್ಕ್ಯಾನ್ ಆ್ಯಪಿನಲ್ಲಿ ಕಪ್ಪು-ಬಿಳುಪು ಮಾಡಿ ಕಳಿಸಿದ್ದರು. ಆ ಫಿಲ್ಟರ್ ತಿಳಿಯಾಗಿರುವುದನ್ನೆಲ್ಲ ಬಿಳಿ ಮಾಡಿಬಿಡುತ್ತೆ. ಹಾಳೆಯ ಗೆರೆ ಹೋಗುತ್ತೆ, ಗೆರೆಯ ಮೇಲೆ ಕೂತ ಪೆನ್ಸಿಲ್ ಮೈನಸ್ಸೂ ಜೊತೆಗೇ ಹೋಗುತ್ತೆ. ಪ್ಲಸ್‌ಗೆ ನಿಂತ ಗೀಟು ಇರುವುದರಿಂದ ಅದು ಉಳಿಯುತ್ತೆ. ಸಮ ಚಿಹ್ನೆಯ ಕೆಳಗಿನ ಗೀಟು ಹೋದರೆ ಅದೇ ಮೈನಸ್ ಥರ ಕಾಣುತ್ತೆ. ಇದರ ಮೇಲೆ ವಾಟ್ಸಾಪ್ ಫೋಟೊವನ್ನು ಒತ್ತಿ ಸಣ್ಣದು ಮಾಡುತ್ತೆ, ಇನ್ನಷ್ಟು ಮಸುಕು.

ಆದರೆ ತಪ್ಪು ಫೋನಿನದು ಅಂತ ನಾನು ಹೇಳಲ್ಲ. ತಪ್ಪು ನನ್ನದೇ, ಅದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೊದಲು ತಪ್ಪಾದ ಸಾಲು ಯಾವುದೋ ಅದನ್ನು ಮಾತ್ರ ಎಣಿಸಬೇಕು, ಆಮೇಲಿನವು ಅದರಿಂದಲೇ ಹುಟ್ಟಿದವು ಅನ್ನೋ ನಿಯಮ ಇಟ್ಟುಕೊಂಡಿದ್ದೆ. ನಿಯಮ ಸರಿಯೇ. ಆದರೆ ತಪ್ಪು ಸಾಲು ಸಿಕ್ಕ ತಕ್ಷಣ ಅಲ್ಲೇ ನಿಲ್ಲಿಸಿ ಮುಂದಿನ ಫೋಟೊಗೆ ಹೋಗುತ್ತಿದ್ದೆ. ಕೆಳಗಿನ ಸಾಲು ಓದಲೇ ಇಲ್ಲ.

ಲೆಕ್ಕ ಇದು: 2x² − 5x + 3 = 0. ಇಲ್ಲಿ b = −5. ಫೋಟೊದಲ್ಲಿ b = 5 ಅಂತ ಕಂಡಿತು, ಗೀಟು ಹಾಕಿದೆ, ಮುಂದೆ ಹೋದೆ. ಒಂದೇ ಒಂದು ಸಾಲು ಕೆಳಗೆ ನೋಡಿದ್ದರೆ ಗೊತ್ತಾಗುತ್ತಿತ್ತು. ಆ ಹುಡುಗಿ ಅಲ್ಲಿ x = (5 ± √(25 − 24))/4 ಅಂತ ಬರೆದಿದ್ದಳು. b ನಿಜವಾಗಿ 5 ಅಂತ ಅವಳು ತಿಳಿದಿದ್ದರೆ ಸೂತ್ರದ −b ಜಾಗದಲ್ಲಿ −5 ಬರಬೇಕಿತ್ತು, ಮೂಲಗಳು −1 ಮತ್ತು −3/2 ಆಗಬೇಕಿತ್ತು. ಅವಳಿಗೆ ಬಂದದ್ದು 3/2 ಮತ್ತು 1, ಅಂದರೆ ಸರಿಯುತ್ತರ. ಹಾಗಾಗಿ ಫೋಟೊದಲ್ಲಿ ಚಿಹ್ನೆ ಕಾಣದಿದ್ದರೆ ಮುಂದಿನ ಸಾಲನ್ನೇ ಕೇಳಿ. ಮಗು ಯಾವ ಬೆಲೆ ಇಟ್ಟುಕೊಂಡು ಮುಂದುವರಿಯಿತು ಅನ್ನುವುದು ಅಲ್ಲಿ ಇರುತ್ತೆ.

ಆಮೇಲೆ ಆ 17 ಮಕ್ಕಳ ನೋಟ್‌ಬುಕ್ ತರಿಸಿ ನೋಡಿದೆ. ನಿಜವಾಗಿ ಮೈನಸ್ ಬಿಟ್ಟಿದ್ದವರು 5 ಜನ ಅಷ್ಟೇ. 3 ಜನರ ಲೆಕ್ಕ ಪೂರ್ತಿ ಸರಿ, ಸುಮ್ನೆ ಅಂಕ ಕಳೆದಿದ್ದೆ. ಉಳಿದ 9 ಜನ ಮೈನಸ್ ಹಾಕಿ, ಕೆಳಗೆ ಬೇರೆಯದೇ ತಪ್ಪು ಮಾಡಿದ್ದರು. b² ಜಾಗದಲ್ಲಿ −5² ಅಂತ ಬರೆದು ಅದನ್ನು −25 ಮಾಡಿ, ಶೋಧಕ −25 − 24 = −49, ಹಾಗಾಗಿ ವಾಸ್ತವ ಮೂಲಗಳಿಲ್ಲ ಅಂತ ಮುಗಿಸಿದ್ದರು. ಇದೇ ತಪ್ಪಿಗೆ ಮೊದಲು ನಾನು 4 ಗೀಟು ಹಾಕಿದ್ದೆ, ಹಾಳೆಯಲ್ಲಿ ಕೆಳಗೆಲ್ಲೋ ಆರನೆಯದಾಗಿ ಇತ್ತು. ಸೇರಿಸಿದರೆ 13. ತರಗತಿಯ ದೊಡ್ಡ ತಪ್ಪು ಅದೇ, ನಾನು ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಎರಡು ದಿನ ಪೂರ್ತಿ ಬೇರೇನೋ ಹೇಳಿದ್ದೆ. ಆ ಮೂವರು ಮಕ್ಕಳಿಗೆ, ನಿಮ್ಮದು ಸರಿ ಇತ್ತು ಅಂತ ಎಲ್ಲರ ಮುಂದೆ ಹೇಳಿ ಅಂಕ ಕೊಟ್ಟೆ.

ಈಗ ನಿಮ್ಮ ಪ್ರಶ್ನೆಗೆ. ಎಕ್ಸೆಲ್ಲೋ ಗೂಗಲ್ ಶೀಟೋ ಅನ್ನೋದು ಯೋಚನೆ ಮಾಡೋ ವಿಷಯವೇ ಅಲ್ಲ. 40 ಮಕ್ಕಳಿಗೆ ಒಂದು ಕಾಗದ, ಒಂದು ಪೆನ್ನು ಸಾಕು. ಮಾಡಬೇಕಾದ್ದು ಎಣಿಸುವ ಮೊದಲಿನ ಕೆಲಸ. ಫಿಲ್ಟರ್ ಹಾಕಬೇಡಿ, ಪೆನ್ನಿನಲ್ಲಿ ಬರೆಯಿರಿ, ಬೆಳಗಿನ ಬೆಳಕಿನಲ್ಲಿ ಮೇಲಿಂದ ನೇರವಾಗಿ ತೆಗೆಯಿರಿ, ವಾಟ್ಸಾಪ್‌ನಲ್ಲಿ ಫೋಟೊ ಅಂತ ಕಳಿಸದೆ ಡಾಕ್ಯುಮೆಂಟ್ ಅಂತ ಕಳಿಸಿ ಅಂತ ಮಕ್ಕಳಿಗೆ ಹೇಳಿ. ಡಾಕ್ಯುಮೆಂಟ್ ಆದರೆ ಒತ್ತಿ ಸಣ್ಣದು ಮಾಡಲ್ಲ. ಈಗಾಗಲೇ ಬಂದಿರುವುದರಲ್ಲಿ ಹತ್ತು ಮಕ್ಕಳ ನೋಟ್‌ಬುಕ್ ತರಿಸಿ ಫೋಟೊದ ಪಕ್ಕ ಇಟ್ಟು ನೋಡಿ. ಎರಡು-ಮೂರು ಕಡೆ ಫೋಟೊದ್ದೇ ತಪ್ಪು ಸಿಕ್ಕಿದರೆ ನಿಮ್ಮ ಎಣಿಕೆ ನಂಬಬೇಡಿ.

ಎಣಿಸುವಾಗ ಲೆಕ್ಕ ಎಣಿಸಬೇಡಿ, ಮಕ್ಕಳನ್ನು ಎಣಿಸಿ. ಒಬ್ಬನೇ ಹುಡುಗ ಐದು ಲೆಕ್ಕದಲ್ಲೂ ಅದೇ ತಪ್ಪು ಮಾಡಿದ್ದರೂ ಅದು ಒಂದು ಗೀಟು.

ಹಾಳೆಯಲ್ಲಿ ಮೂರಕ್ಕಿಂತ ಜಾಸ್ತಿ ತಪ್ಪು ಬೇಡ, ಇದರಲ್ಲಿ ನನಗೆ ಅನುಮಾನವೇ ಇಲ್ಲ. ನನ್ನ ಮೊದಲ ಹಾಳೆಯಲ್ಲಿ 11 ಇದ್ದವು, ಮಕ್ಕಳು ಓದಿ ಮಡಚಿ ಪುಸ್ತಕದಲ್ಲಿ ಇಟ್ಟರು. ಎರಡನೇ ಹಾಳೆಯಲ್ಲಿ ಒಂದೊಂದು ತಪ್ಪಿಗೂ ಜಾಗ ಕೊಟ್ಟೆ. ಮೇಲೆ ತಪ್ಪು ಸಾಲು, ಅದಕ್ಕೆ ಅಡ್ಡ ಗೀಟು. ಕೆಳಗೆ ಸರಿ ಸಾಲು: b² = (−5)² = 25. ಪಕ್ಕದಲ್ಲಿ ಕಾರಣ: b ತೆಗೆದು −5 ಇಡುವಾಗ ಬ್ರಾಕೆಟ್ ಸಮೇತ ಇಡಬೇಕು, ಇಲ್ಲದಿದ್ದರೆ ವರ್ಗ 5ಕ್ಕೆ ಮಾತ್ರ ಅಂಟುತ್ತೆ, ಮೈನಸ್ ಹೊರಗೇ ಉಳಿಯುತ್ತೆ. ಅದರ ಕೆಳಗೆ ಒಂದು ತಾಳೆ: ಶೋಧಕದ ಮೊದಲ ಸಂಖ್ಯೆ ಮೈನಸ್ ಬಂದಿದ್ದರೆ ಅಲ್ಲೇ ನಿಲ್ಲಿಸಿ, ಯಾವ ವಾಸ್ತವ ಸಂಖ್ಯೆಯ ವರ್ಗವೂ ಋಣ ಆಗಲ್ಲ. ಅಲ್ಲೇ ಮಾಡಲು ಒಂದು ಲೆಕ್ಕ, ಖಾಲಿ ಜಾಗದ ಜೊತೆ. ಮಕ್ಕಳ ಫೋಟೊ ಕತ್ತರಿಸಿ ಅಂಟಿಸಬೇಡಿ. ಹೆಸರಿಲ್ಲದಿದ್ದರೂ ಅಕ್ಷರ ನೋಡಿ ಯಾರದು ಅಂತ ತರಗತಿಗೆ ಗೊತ್ತಾಗುತ್ತೆ, ನೀವೇ ಕೈಯಲ್ಲಿ ಬರೆಯಿರಿ.

ಒಂದು ವಾರ ಬಿಟ್ಟು 3x² − 7x + 2 = 0 ಕೊಟ್ಟೆ, ಸೂತ್ರದಿಂದಲೇ ಮಾಡಬೇಕು ಅಂದೆ. ಈ ಸಲ ಫೋಟೊ ಬೇಡ ಅಂತ ಕಟ್ಟೆಯ ಮೇಲೇ ನೋಟ್‌ಬುಕ್ ತೆರೆಸಿ b² ಸಾಲನ್ನು ಮಾತ್ರ ನೋಡುತ್ತಾ ಹೋದೆ. 13ರಲ್ಲಿ 9 ಜನ 49 ಬರೆದಿದ್ದರು, ಮೂಲಗಳು 2 ಮತ್ತು 1/3 ಬಂದಿದ್ದವು. ಉಳಿದ ನಾಲ್ವರಲ್ಲಿ ಇಬ್ಬರು ನಾನು ಹೇಳಿದಂತೆ ಬ್ರಾಕೆಟ್ ಹಾಕಿದ್ದರು, ಆದರೆ (−7²) ಅಂತ, ವರ್ಗದ 2 ಬ್ರಾಕೆಟ್ಟಿನ ಒಳಗೆ. ಹಾಳೆಯ ಕಾರಣದ ಸಾಲಿನಲ್ಲಿ "ಬ್ರಾಕೆಟ್ ಸಮೇತ ಇಡಬೇಕು" ಅಂತ ಮಾತ್ರ ಬರೆದಿದ್ದೆ. ಅವತ್ತು ಸಂಜೆ ಆ ಸಾಲನ್ನು "ಬ್ರಾಕೆಟ್ ಮುಚ್ಚಿದ ಮೇಲೆ 2 ಬರೆಯಿರಿ" ಅಂತ ತಿದ್ದಿದೆ.