ಹೆಸರು ತೆಗೆದರೂ ಪೇಷಂಟ್ ಯಾರೆಂದು ಗೊತ್ತಾಗುತ್ತದೆ

"ಏಳು ವರ್ಷದಿಂದ ಐಸಿಯು ನರ್ಸ್ ಆಗಿದ್ದೇನೆ. ನನ್ನ ಕೆಲಸದಿಂದ ಪೇಷಂಟ್‌ಗಳಿಗೆ ಏನು ಒಳ್ಳೆಯದಾಯಿತು ಅಂತ ಪ್ರೊಫೈಲ್‌ನಲ್ಲಿ ತೋರಿಸಬೇಕು. ಅವರ ವಿಷಯ ಹೊರಗೆ ಹೋಗದ ಹಾಗೆ ಹೇಗೆ ಬರೆಯಲಿ?"

ಒಬ್ಬ ಪೇಷಂಟ್ ಕಥೆ ಬರೆಯಬೇಡಿ, ಯೂನಿಟ್ಟಿನ ಲೆಕ್ಕ ಬರೆಯಿರಿ. ನಾನು ಇದನ್ನು ಎಡವಿಯೇ ಕಲಿತದ್ದು. ಮೊದಲ ಪ್ರೊಫೈಲ್‌ನಲ್ಲಿ, ಹೆರಿಗೆಯಾದ ಮೂರನೇ ದಿನ ಹೃದಯ ನಿಂತು, 11 ದಿನ ವೆಂಟಿಲೇಟರ್‌ನಲ್ಲಿದ್ದು ನಡೆದುಕೊಂಡೇ ಮನೆಗೆ ಹೋದ ತಾಯಿಯ ಬಗ್ಗೆ ಬರೆದಿದ್ದೆ. ಹೆಸರು, ವಯಸ್ಸು ಏನೂ ಹಾಕಿರಲಿಲ್ಲ. ಆದರೆ ಕೆಳಗೇ ಆಸ್ಪತ್ರೆಯ ಹೆಸರು, ಇಸವಿ ಇತ್ತಲ್ಲ! ಆ ವರ್ಷ ಅಲ್ಲಿ ಅಂಥ ಕೇಸ್ ಬಂದದ್ದು ಒಂದೇ. "ಇದು ನಮ್ಮ ಹುಡುಗಿ ವಿಷಯ ಅಲ್ವಾ?" ಅಂತ ಅವರ ನೆಂಟರೊಬ್ಬರು ಮೆಸೇಜ್ ಕಳಿಸಿದರು. ಅದೇ ರಾತ್ರಿ ಅಳಿಸಿದೆ.

ಈಗ ಅಲ್ಲಿ ಸೆಂಟ್ರಲ್ ಲೈನ್ ಸೋಂಕಿನ ಲೆಕ್ಕ ಇದೆ. ದಿನಾ ಒಂದೇ ಹೊತ್ತಿಗೆ ಎಷ್ಟು ಪೇಷಂಟ್‌ಗಳಿಗೆ ಲೈನ್ ಇದೆ ಅಂತ ಎಣಿಸಿ ಕೂಡಿಸಿದರೆ ಲೈನ್ ದಿನಗಳು ಸಿಗುತ್ತವೆ. ಒಬ್ಬರಿಗೆ ಎರಡು ಲೈನ್ ಇದ್ದರೂ ಎಣಿಕೆ ಒಂದೇ. ನಮ್ಮಲ್ಲಿ ಒಂದು ವರ್ಷ 1,200 ಲೈನ್ ದಿನಗಳಿಗೆ 6 ಸೋಂಕು, ಅಂದರೆ ಸಾವಿರಕ್ಕೆ 5. ಮರುವರ್ಷ 1,250ಕ್ಕೆ 2, ಅಂದರೆ ಸಾವಿರಕ್ಕೆ 1.6. ಸುಮ್ನೆ "ಸೋಂಕು ಮೂರನೇ ಒಂದು ಭಾಗಕ್ಕೆ ಇಳಿಯಿತು" ಅಂತ ಬರೆದರೆ ದೊಡ್ಡದಾಗಿ ಕಾಣುತ್ತದೆ. ಆದರೆ ಇಷ್ಟು ಸಣ್ಣ ಸಂಖ್ಯೆ ಅದೃಷ್ಟದಿಂದಲೂ ಏರಿಳಿಯುತ್ತದೆ. ಅದಕ್ಕೇ ಎರಡೂ ವರ್ಷದ ಪೂರ್ತಿ ಅಂಕಿ ಕೊಟ್ಟಿದ್ದೇನೆ. ಆದರೆ ತಿಂಗಳವಾರು ಅಂಕಿ ಕೊಡಲೇಬೇಡಿ. ಒಂದು ತಿಂಗಳಲ್ಲಿ ಒಂದೇ ಸೋಂಕು ಇದ್ದರೆ, ಅದು ಮತ್ತೆ ಒಬ್ಬರ ಕಥೆಯೇ ಆಯಿತು. ಅಂಕಿ ಆಸ್ಪತ್ರೆಯದು, ಹಾಗಾಗಿ ಹೊರಗೆ ಹಾಕುವ ಮುಂಚೆ ಬರವಣಿಗೆಯಲ್ಲಿ ಒಪ್ಪಿಗೆ ತೆಗೆದುಕೊಳ್ಳಿ.

"ನಾನು ಸೋಂಕು ಇಳಿಸಿದೆ" ಅಂತಲೂ ಬರೆಯಬೇಡಿ. ಲೈನ್ ಹಾಕಿದ್ದು ಡಾಕ್ಟರು, ನೋಡಿಕೊಂಡದ್ದು ಮೂರು ಶಿಫ್ಟಿನವರು. ನನ್ನ ಪಾಲು ಇಷ್ಟು: ಡ್ರೆಸ್ಸಿಂಗ್ ಚೆಕ್‌ಲಿಸ್ಟ್ ಮಾಡಿದ್ದು, ಬೆಳಗಿನ ರೌಂಡ್ಸ್‌ನಲ್ಲಿ "ಈ ಲೈನ್ ಇನ್ನೂ ಬೇಕಾ?" ಅಂತ ಕೇಳುವುದನ್ನು ರೂಢಿ ಮಾಡಿಸಿದ್ದು. ಇಂಟರ್‌ವ್ಯೂನಲ್ಲಿ ಜಾಸ್ತಿ ಪ್ರಶ್ನೆ ಬಂದದ್ದೂ ಇದರ ಮೇಲೆಯೇ.

ಪರಿಣತಿ ಅನ್ನುವಲ್ಲಿ "ಕ್ರಿಟಿಕಲ್ ಕೇರ್" ಅಂತ ಬರೆದು ಬಿಟ್ಟರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಎಷ್ಟು ಹಾಸಿಗೆಯ ಯೂನಿಟ್, ಒಬ್ಬ ನರ್ಸ್‌ಗೆ ಎಷ್ಟು ಪೇಷಂಟ್, ವೆಂಟಿಲೇಟರ್, ಆರ್ಟೀರಿಯಲ್ ಲೈನ್, ಡಯಾಲಿಸಿಸ್ ಇವುಗಳಲ್ಲಿ ಯಾವುದನ್ನು ಒಬ್ಬರೇ ನಿಭಾಯಿಸುತ್ತೀರಿ, ಯಾವುದಕ್ಕೆ ಜೊತೆಗೆ ಸೀನಿಯರ್ ಬೇಕು ಅಂತ ಬರೆಯಿರಿ.

ಲೈಸೆನ್ಸ್‌ಗೆ ಎರಡು ಸಾಲು ಸಾಕು: ಕೊಟ್ಟ ಕೌನ್ಸಿಲ್, ಯಾವ ದರ್ಜೆ, ಯಾವಾಗಿನವರೆಗೆ. ಸರ್ಟಿಫಿಕೇಟ್ ಫೋಟೋ ಏರಿಸಬೇಡಿ, ಅದರಲ್ಲಿ ನಿಮ್ಮ ಹುಟ್ಟಿದ ದಿನಾಂಕವೂ ಇರಬಹುದು. ಬಿಎಲ್‌ಎಸ್, ಎಸಿಎಲ್‌ಎಸ್ ಕಾರ್ಡುಗಳು ಸಾಮಾನ್ಯವಾಗಿ 2 ವರ್ಷಕ್ಕೆ ಮುಗಿಯುತ್ತವೆ. ಅವಧಿ ಮುಗಿದದ್ದನ್ನು ಮೊದಲು ತೆಗೆಯಿರಿ.