ಬೆಳಿಗ್ಗೆ 97.4, ಸಂಜೆ 99.6: ಜ್ವರವೋ, ಕಾಫಿಯೋ?

"ಎದ್ದ ಕೂಡಲೇ ನಾಲಿಗೆಯಡಿ 97.4 ಡಿಗ್ರಿ, ಸಂಜೆ ವಾಕಿಂಗ್ ಮುಗಿಸಿ ಕಾಫಿ ಕುಡಿದ ಮೇಲೆ 99.6. ವಾರದಿಂದ ಹೀಗೇ. ಇದು ಜ್ವರವೇ?"

ಈ ವ್ಯತ್ಯಾಸದಲ್ಲಿ ಸುಮಾರು ಒಂದು ಡಿಗ್ರಿ ದೇಹದ ಸಹಜ ಏರಿಳಿತದ್ದು. ಉಳಿದದ್ದು ಬಹುಶಃ ನಡಿಗೆಯದು ಮತ್ತು ಕಾಫಿಯದು, ಆದರೆ ಯಾವುದರ ಪಾಲು ಎಷ್ಟೆಂದು ಈ ಅಂಕಿಗಳಿಂದ ಹೇಳಲಾಗದು. ಮಿದುಳಿನ ಹೈಪೋಥಲಾಮಸ್‌ನಲ್ಲಿರುವ ಜೈವಿಕ ಗಡಿಯಾರವು ತಾಪವನ್ನು ನಸುಕಿನಲ್ಲಿ ಅತಿ ಕೆಳಕ್ಕೆ ಇಳಿಸಿ, ಸಂಜೆ 4ರಿಂದ 6ರ ಸುಮಾರಿಗೆ ಗರಿಷ್ಠಕ್ಕೆ ಏರಿಸುತ್ತದೆ. ದಿನವಿಡೀ ಹಾಸಿಗೆಯಲ್ಲೇ ಮಲಗಿದ್ದರೂ ಈ ಏರಿಕೆ ತಪ್ಪದು. ಬಿರುಸಿನ ನಡಿಗೆಯಲ್ಲಿ ಸ್ನಾಯುಗಳು ಶಾಖ ಹುಟ್ಟಿಸುವುದರಿಂದ ದೇಹದ ಒಳಗಿನ ತಾಪವೇ ನಿಜವಾಗಿ ಏರುತ್ತದೆ. ಕಾಫಿ ಹಾಗಲ್ಲ, ಅದು ಬಾಯಿಯನ್ನಷ್ಟೇ ಬೆಚ್ಚಗಾಗಿಸಿ ಥರ್ಮಾಮೀಟರನ್ನು ಮೋಸಗೊಳಿಸುತ್ತದೆ. (ತಣ್ಣೀರು ಕುಡಿದರೆ ಇದೇ ಮೋಸ ತಿರುಗುಮುರುಗಾಗುತ್ತದೆ.)

ಮೂರು ದಿನ ಹೀಗೆ ನೋಡಿ. ವಾಕಿಂಗ್‌ಗೆ ಹೊರಡುವ ಮೊದಲೇ, ಅರ್ಧ ಗಂಟೆ ಏನನ್ನೂ ಕುಡಿಯದೆ ಸುಮ್ಮನೆ ಕುಳಿತು, ಥರ್ಮಾಮೀಟರಿನ ತುದಿಯನ್ನು ನಾಲಿಗೆಯಡಿ ಹಿಂಭಾಗಕ್ಕೆ ಇಟ್ಟು, ಬೀಪ್ ಬರುವವರೆಗೆ ಬಾಯಿ ಮುಚ್ಚಿರಿ. ನಡೆದ ಮೇಲೆಯೇ ನೋಡಬೇಕಾದರೆ ಒಂದು ಗಂಟೆ ಬಿಡಿ. ಆಗ 98.5ರ ಆಸುಪಾಸು ಬಂದರೆ ಅದು ಜ್ವರವಲ್ಲ. 100.4 ಮುಟ್ಟಿದರೆ ಜ್ವರವೇ. ಅಷ್ಟು ಏರದಿದ್ದರೂ ಪ್ರತಿ ಸಂಜೆ 99.5ರ ಮೇಲೆಯೇ ನಿಂತು, ಜೊತೆಗೆ ಎರಡು ವಾರ ಮೀರಿದ ಕೆಮ್ಮು, ರಾತ್ರಿ ಬೆವರು ಅಥವಾ ತೂಕ ಇಳಿಕೆ ಇದ್ದರೆ, ಬರೆದಿಟ್ಟ ಅಂಕಿಗಳೊಂದಿಗೆ ವೈದ್ಯರನ್ನು ಕಂಡು ಕ್ಷಯರೋಗದ ಪರೀಕ್ಷೆಯ ಬಗ್ಗೆ ಕೇಳಿ.